ಸುರಗಿ ಫೋಟೋದಲ್ಲಿ ಅಜ್ಜಿಯ ಮುಖ ಪೂರ್ತಿ ಬೆಳ್ಳಗಾಗಿದೆ, ಚರ್ಮದ ವಿವರ ವಾಪಸ್ ಬರುತ್ತಾ?

ಆಲ್ಬಂಗಾರ_ಕೊಪ್ಪಳ

ನಾನು ಫೋಟೋ ತೆಗೆಯುವವನಲ್ಲ, ಆಲ್ಬಂ ಡಿಸೈನ್ ಮಾಡುವವನು. ಕುಕನೂರು ಕಡೆಯ ಒಂದು ಮದುವೆಯ ಫೋಟೋಗಳು ಬಂದಿವೆ. ಮದುಮಗಳಿಗೆ ನೀರೆರೆಯುವ ಸುರಗಿ ಶಾಸ್ತ್ರ ಮನೆಯೊಳಗೇ ಆಗಿದೆ, ರಾತ್ರಿ ಹೊತ್ತು. ಹಳೇ ಮಾಳಿಗೆ ಮನೆ, ಜಾಗ ಇಕ್ಕಟ್ಟು. ಫೋಟೋದವರು ಜನರ ಮಧ್ಯೆ ನುಗ್ಗಿ ಹತ್ತಿರದಿಂದ ತೆಗೆದಿದ್ದಾರೆ.

ಒಂದು ಫೋಟೋ ಮನೆಯವರಿಗೆ ಬೇಕೇ ಬೇಕು. ಮದುಮಗಳು ಹಿಂದೆ ಮಣೆ ಮೇಲೆ ಕೂತಿದ್ದಾಳೆ, ಅವಳ ಮುಖ ಚೆನ್ನಾಗಿ ಬಂದಿದೆ. ಮುಂದೆ ತಂಬಿಗೆ ಹಿಡಿದ ಅಜ್ಜಿಯ ಮುಖ ಮಾತ್ರ ಸುಟ್ಟು ಹೋಗಿದೆ. ಹಣೆ ಪೂರ್ತಿ ಬಿಳಿ, ಸುತ್ತ ಹಳದಿ ಹಳದಿ. ಕುಂಕುಮ ಕಾಣುತ್ತೆ, ಆದರೆ ಅದರ ಕೆಳಗಿನ ಹಚ್ಚೆ ಬೊಟ್ಟು ಮಾಯ. ಮನೆಯವರು ಮೊದಲು ಕೇಳಿದ್ದೇ ಅದನ್ನು: "ಅಮ್ಮನ ಹಚ್ಚೆ ಎಲ್ಲಿ?"

ಫೈಲಿನಲ್ಲಿ ಇರುವ ಮಾಹಿತಿ: 35 ಎಂಎಂ, f/4, 1/160, ISO 800, ಫ್ಲಾಶ್ ಕ್ಯಾಮೆರಾ ಮೇಲೆ ನೇರ, TTL. ನನ್ನ ಹತ್ತಿರ ಸದ್ಯಕ್ಕೆ JPEG ಮಾತ್ರ ಇದೆ. `Highlights` ಪೂರ್ತಿ ಎಳೆದೆ, ಹಣೆ ಬೂದಿ ಬಳಿದ ಹಾಗಾಯ್ತು. ಏನು ಮಾಡಲಿ?

ಬಿಸಿಲೂರು_ಕ್ಲಿಕ್

ಅಣ್ಣ, ಇದು TTL ಮಾಡೋ ಕಿತಾಪತಿ. ಅದರಲ್ಲಿ ಫ್ಲಾಶ್ ಎಷ್ಟು ಬಿಡಬೇಕು ಅಂತ ಕ್ಯಾಮೆರಾನೇ ತೀರ್ಮಾನ ಮಾಡುತ್ತೆ. ಹಿಂದೆ ಎಲ್ಲಾ ಕತ್ತಲೆ. ಕ್ಯಾಮೆರಾ ಆ ಕತ್ತಲೆ ನೋಡಿ ಬೆಳಕು ಸಾಲದು ಅಂದುಕೊಂಡು ಫ್ಲಾಶ್ ಜಾಸ್ತಿ ಬಿಟ್ಟಿದೆ. ಫ್ಲಾಶ್ ಕಾಂಪನ್ಸೇಶನ್ −2 ಇಟ್ಟಿದ್ದರೆ ಮುಗೀತಿತ್ತು. ಇಲ್ಲಾಂದ್ರೆ ಶಟರ್ 1/200ಕ್ಕೆ ಏರಿಸಬೇಕಿತ್ತು. ರಾಯಚೂರಲ್ಲಿ ನಾವು ಮದುವೆಗಳಿಗೆ ಯಾವಾಗಲೂ −1 ಇಟ್ಟೇ ಹೋಗ್ತೀವಿ.

ಮಾನ್ವಿ_ಮೊಬೈಲ್

ನನ್ನ ಫೋನಲ್ಲೂ ಹೀಗೇ ಆಗುತ್ತೆ, ಕಣ್ಣು ಕೆಂಪಾಗಿ ಬರುತ್ತೆ. ಅದಕ್ಕೆ ಆ್ಯಪ್ ಇದೆ, ಒಂದೇ ಸಲಕ್ಕೆ ಹೋಗುತ್ತೆ.

ಆಲ್ಬಂಗಾರ_ಕೊಪ್ಪಳ

ಕಣ್ಣು ಸರಿಯಾಗಿದೆ ಮಾರಾಯ್ರೇ. ಹೋಗಿರೋದು ಹಣೆ.

ಹಳೇ_ಸ್ಟುಡಿಯೋ_ಬಳ್ಳಾರಿ

ಮೊದಲು ಯಾಕೆ ಆಯ್ತು ಅಂತ ನೋಡೋಣ, ಯಾಕಂದ್ರೆ ಸರಿ ಮಾಡುವ ದಾರಿಯೂ ಅದರಲ್ಲೇ ಇದೆ.

ಮದುಮಗಳು ಚೆನ್ನಾಗಿ ಬಂದಿದ್ದಾಳೆ, ಅಜ್ಜಿ ಸುಟ್ಟಿದ್ದಾರೆ ಅಂದ್ರಿ. ಇಬ್ಬರ ಮೇಲೆ ಬಿದ್ದದ್ದು ಒಂದೇ ಫ್ಲಾಶ್. ಅಂದಾಜು ಮದುಮಗಳು ಎರಡೂಕಾಲು ಮೀಟರ್ ದೂರ ಇರಬೇಕು, ಅಜ್ಜಿ ಮುಕ್ಕಾಲು ಮೀಟರ್. ದೂರ ಮೂರರಲ್ಲಿ ಒಂದು ಪಾಲಾದರೆ ಬೆಳಕು ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಆಗುತ್ತೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಅಂದರೆ ಅಜ್ಜಿಗೆ ಮೂರು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಬಿದ್ದಿದೆ. ನಾಲ್ಕು ಮೀಟರ್ ದೂರದಲ್ಲಿ ಒಬ್ಬರು ಒಂದು ಹೆಜ್ಜೆ ಮುಂದೆ ಬಂದರೆ ಗೊತ್ತೇ ಆಗಲ್ಲ. ಒಂದು ಮೀಟರಿನ ಒಳಗೆ ಅದೇ ಒಂದು ಹೆಜ್ಜೆ ಮುಖ ಸುಟ್ಟುಬಿಡುತ್ತೆ.

ಬಿಸಿಲೂರು ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. ಕತ್ತಲೆ ಹಿನ್ನೆಲೆ TTLಗೆ ಮೋಸ ಮಾಡುವುದು ನಿಜ. ಆದರೆ ಇಲ್ಲಿ −2 ಇಟ್ಟಿದ್ದರೂ ಕೆಲಸ ಆಗ್ತಿತ್ತು ಅಂತ ನನಗನಿಸಲ್ಲ. ಫ್ಲಾಶಿಗೂ ಒಂದು ತಳ ಇದೆ. ಸಾಮಾನ್ಯವಾಗಿ 1/128 ಪವರಿಗಿಂತ ಕೆಳಗೆ ಅದು ಇಳಿಯಲ್ಲ. ಫ್ಲಾಶಿನ ಶಕ್ತಿಯ ಅಳತೆಯಾದ ಗೈಡ್ ನಂಬರ್ ISO 100ರಲ್ಲಿ, 35 ಎಂಎಂಗೆ 36 ಇರುವ ಫ್ಲಾಶ್ ಅಂದುಕೊಳ್ಳಿ. 1/128ರಲ್ಲಿ ಅದು ಸುಮಾರು 3.2ಕ್ಕೆ ಇಳಿಯುತ್ತೆ. ISO 800 ಇಟ್ಟಾಗ ಮತ್ತೆ 9ಕ್ಕೆ ಏರುತ್ತೆ. ಅದನ್ನು f/4ರ 4ರಿಂದ ಭಾಗಿಸಿದರೆ 2.25 ಮೀಟರ್. ಅಂದರೆ ಆ ಸೆಟ್ಟಿಂಗಲ್ಲಿ ಫ್ಲಾಶ್ ತನ್ನ ಕೈಲಾದಷ್ಟು ಕಮ್ಮಿ ಬೆಳಕು ಬಿಟ್ಟರೂ ಎರಡೂಕಾಲು ಮೀಟರಿಗಿಂತ ಹತ್ತಿರ ಇರುವವರಿಗೆ ಜಾಸ್ತಿಯೇ. ಕಾಂಪನ್ಸೇಶನ್ ಎಷ್ಟು ಕೆಳಗೆ ಎಳೆದರೂ ತಳಕ್ಕಿಂತ ಕೆಳಗೆ ಹೋಗೋದು ಎಲ್ಲಿಗೆ?

ಶಟರ್ ಮಾತು ಬಿಟ್ಟುಬಿಡು. ಕಮ್ಮಿ ಪವರಲ್ಲಿ ಫ್ಲಾಶ್ ಹೊಳೆಯುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಎಷ್ಟೋ ಕಮ್ಮಿ ಹೊತ್ತು. 1/160 ಆದರೂ 1/200 ಆದರೂ ಶಟರ್ ಅಷ್ಟರಲ್ಲಿ ಪೂರ್ತಿ ತೆರೆದೇ ಇರುತ್ತೆ. ಮನೆಯ ಬಲ್ಬಿನ ಬೆಳಕು ಕಮ್ಮಿ ಆಗುತ್ತೆ ಅಷ್ಟೇ, ಮುಖ ಹಾಗೇ ಇರುತ್ತೆ.

ಬಿಸಿಲೂರು_ಕ್ಲಿಕ್

ಹೈಸ್ಪೀಡ್ ಸಿಂಕ್ ಹಾಕಿದ್ರೆ?

ಹಳೇ_ಸ್ಟುಡಿಯೋ_ಬಳ್ಳಾರಿ

ಅದು ಬೇರೆ. ಅದರಲ್ಲಿ ಫ್ಲಾಶ್ ಸಣ್ಣ ಸಣ್ಣದಾಗಿ ಸಾಲಾಗಿ ಹೊಳೆಯುತ್ತೆ. ಆಗ ಶಟರ್ ಏರಿಸಿದಷ್ಟೂ ಮುಖದ ಬೆಳಕೂ ಇಳಿಯುತ್ತೆ. ಆ ಮಟ್ಟಿಗೆ ನಿನ್ನ ಮಾತು ಸರಿ. ಆದರೆ ಮನೆಯೊಳಗೆ 1/1000 ಇಟ್ಟರೆ ಹಿಂದಿನ ಮದುಮಗಳು ಕತ್ತಲಲ್ಲಿ ಮುಳುಗಿಹೋಗ್ತಾಳೆ.

ಸುಲಭದ್ದು ISO ಇಳಿಸುವುದು. ISO 200, f/5.6 ಇಟ್ಟರೆ ಅದೇ ಲೆಕ್ಕದಲ್ಲಿ ತಳ 80 ಸೆಂಟಿಮೀಟರಿಗೆ ಬರುತ್ತೆ. ಇಲ್ಲೂ ಹಿನ್ನೆಲೆ ಕಪ್ಪಾಗುತ್ತೆ, ಅದಂತೂ ತಪ್ಪಲ್ಲ. ಇಂಥ ಮನೆಗಳಲ್ಲಿ ನಾನು ಫ್ಲಾಶ್ ತಲೆಯನ್ನು ಹಿಂದಕ್ಕೆ ತಿರುಗಿಸಿ ಸುಣ್ಣದ ಗೋಡೆಗೆ ಹೊಡೀತೀನಿ. ಮೇಲೆ ಹೊಡೆದರೆ ಮಾಳಿಗೆಯ ಕಟ್ಟಿಗೆ ತೊಲೆ, ಜಂತೆ ಬೆಳಕು ನುಂಗಿ ಕಂದು ಬಣ್ಣ ವಾಪಸ್ ಕೊಡುತ್ತೆ. ಸುಣ್ಣದ ಗೋಡೆಗೆ ಹೋಗಿ ಬಂದ ಬೆಳಕು ಮೊದಲೇ ಮೂರ್ನಾಲ್ಕು ಮೀಟರ್ ಓಡಿರುತ್ತೆ. ಆಗ ಅಜ್ಜಿಗೂ ಮೊಮ್ಮಗಳಿಗೂ ಅಷ್ಟು ಫರಕು ಬೀಳಲ್ಲ.

ಸಿಂಧನೂರಕ್ಕ

ಮಧ್ಯೆ ಬಂದದ್ದಕ್ಕೆ ಬೇಜಾರಾಗಬೇಡಿ. ನನ್ನ ಮದುವೆಯ ಹಳೇ ಪ್ರಿಂಟಿನಲ್ಲಿ ನಮ್ಮಮ್ಮನ ಮುಖ ಹೀಗೇ ಬಿಳಿ. ರೀಲ್ ಕಾಲದ್ದು. ಸ್ಕ್ಯಾನ್ ಮಾಡಿಸಿದೆ, ಸ್ಕ್ಯಾನಲ್ಲೂ ಬಿಳಿ. ಅಂಗಡಿಯವರು "ಇದು ಆಗಲ್ಲ ಅಕ್ಕಾ" ಅಂತ ಕಳಿಸಿದರು. ನಿಜವಾಗಲೂ ಆಗಲ್ವಾ?

ಹಳೇ_ಸ್ಟುಡಿಯೋ_ಬಳ್ಳಾರಿ

ಅಕ್ಕಾ, ನೆಗೆಟಿವ್ ಇದೆಯಾ? ಪ್ರಿಂಟ್ ಬಿಡಿ, ಮೊದಲು ನೆಗೆಟಿವ್ ಹುಡುಕಿ. ಪ್ರಿಂಟಲ್ಲಿ ಬಿಳಿ ಆದದ್ದು ಕಾಗದದ ಮಿತಿ. ಕಲರ್ ನೆಗೆಟಿವ್ ಎರಡು ಮೂರು ಸ್ಟಾಪ್ ಜಾಸ್ತಿ ಬಿದ್ದರೂ ಹಿಡಿದಿಟ್ಟುಕೊಳ್ಳುತ್ತೆ. ಮುಖ ಇರುವ ಜಾಗ ನೆಗೆಟಿವಲ್ಲಿ ದಟ್ಟ ಕಪ್ಪಾಗಿ ಕಾಣುತ್ತೆ. ಬೆಳಕಿಗೆ ಹಿಡಿದಾಗ ಆ ಕಪ್ಪಿನೊಳಗೆ ಕಣ್ಣು, ಕೆನ್ನೆಯ ಗೆರೆ ಕಂಡರೆ ವಿವರ ಬದುಕಿದೆ ಅಂತ ಅರ್ಥ. ನೆಗೆಟಿವ್ ಸ್ಕ್ಯಾನ್ ಮಾಡುವವರ ಹತ್ತಿರ ಕೊಟ್ಟು, ಮುಖಕ್ಕೆ ಹೊಂದಿಸಿ ಸ್ಕ್ಯಾನ್ ಮಾಡಿ ಅಂತ ಹೇಳಿ.

ಆಲ್ಬಂಗಾರರಿಗೆ ಆ ಅದೃಷ್ಟ ಇಲ್ಲ. ಡಿಜಿಟಲ್ ಇದಕ್ಕೆ ಉಲ್ಟಾ. ಕತ್ತಲಲ್ಲಿ ಅಡಗಿರುವುದನ್ನು ಎತ್ತಬಹುದು, ಮೇಲೆ ತುಂಬಿ ಚೆಲ್ಲಿದ್ದು ಹೋದಂತೆಯೇ.

ಈಗ ಒಂದು ಕೆಲಸ ಮಾಡಿ. ಫೋಟೋಶಾಪಲ್ಲಿ `Info` ಪ್ಯಾನೆಲ್ ತೆರೆದು ಹಣೆ ಮಧ್ಯ, ಹಳದಿ ಸುತ್ತು, ಕೆನ್ನೆ, ಕುತ್ತಿಗೆ, ನಾಲ್ಕೂ ಕಡೆ ಮೌಸ್ ಇಟ್ಟು RGB ಎಷ್ಟಿದೆ ಅಂತ ಬರೆಯಿರಿ.

ಆಲ್ಬಂಗಾರ_ಕೊಪ್ಪಳ

ನೋಡಿದೆ ಸರ್.

ಹಣೆ ಮಧ್ಯ 255, 255, 255.
ಹಳದಿ ಸುತ್ತು 255, 246, 205.
ಕೆನ್ನೆ 255, 221, 184.
ಕುತ್ತಿಗೆ 214, 160, 128.

ಹಳೇ_ಸ್ಟುಡಿಯೋ_ಬಳ್ಳಾರಿ

ಎಲ್ಲಾ ಇದರಲ್ಲೇ ಇದೆ ನೋಡಿ. ಕುತ್ತಿಗೆಯಲ್ಲಿ ಮೂರೂ ಚಾನೆಲ್ ಜೀವಂತ. ಕೆನ್ನೆಗೆ ಬರುವಷ್ಟರಲ್ಲಿ ಕೆಂಪು 255ಕ್ಕೆ ತಲೆ ಹೊಡೆದು ನಿಂತಿದೆ. ನಮ್ಮ ಚರ್ಮ ಕೆಂಪನ್ನೇ ಜಾಸ್ತಿ ವಾಪಸ್ ಕಳಿಸುವುದು, ಅದಕ್ಕೆ ಮೊದಲು ತುಂಬುವುದೂ ಅದೇ. ಕೆಂಪು ನಿಂತ ಮೇಲೂ ಹಸಿರು ಏರುತ್ತಾ ಹೋಗುತ್ತೆ. ಕೆಂಪೂ ಹಸಿರೂ ಸಮ ಆಗುತ್ತಾ ಬಂದಾಗ ಕಾಣುವುದು ಹಳದಿ. ನಿಮ್ಮ ಹಳದಿ ಸುತ್ತು ಅದೇ, ಅರಿಶಿಣ ಅಲ್ಲ. ಕೊನೆಗೆ ನೀಲಿಯೂ ತುಂಬಿದರೆ ಬಿಳಿ.

ಹಚ್ಚೆ ಹೋಗಿ ಕುಂಕುಮ ಉಳಿದದ್ದೂ ಇದೇ ಕಾರಣಕ್ಕೆ. ಹಳೇ ಹಚ್ಚೆಯ ಬಣ್ಣ ನೀಲಿ ಹಸಿರು. ಅದು ಚರ್ಮಕ್ಕಿಂತ ಬೇರೆಯಾಗಿ ಕಾಣುವುದು ಮುಖ್ಯವಾಗಿ ಕೆಂಪು ಚಾನೆಲಲ್ಲಿ, ಅಲ್ಲಿ ಚರ್ಮ ಬೆಳಗಿರುತ್ತೆ, ಹಚ್ಚೆ ಕಪ್ಪಗಿರುತ್ತೆ. ಆ ಚಾನೆಲ್ಲೇ ಸತ್ತಿದೆ. ಕುಂಕುಮ ಇದರ ತಿರುಗುಮುರುಗು. ಅದು ಕೆಂಪಲ್ಲಿ ಬೆಳಗಿ ಹಸಿರು, ನೀಲಿಯಲ್ಲಿ ಕಪ್ಪಗಿರುತ್ತೆ. ಹಸಿರು ಇನ್ನೂ ಬದುಕಿದೆ, ಅದಕ್ಕೆ ಕುಂಕುಮ ಕಾಣುತ್ತಿದೆ.

ನಂಬಿಕೆ ಬರದಿದ್ದರೆ `Channels` ಪ್ಯಾನೆಲಲ್ಲಿ `Red`, `Green`, `Blue` ಒಂದೊಂದಾಗಿ ಒತ್ತಿ ನೋಡಿ.

ಆಲ್ಬಂಗಾರ_ಕೊಪ್ಪಳ

ಯಪ್ಪಾ! ರೆಡ್‌ನಲ್ಲಿ ಮುಖ ಒಂದು ಬಿಳಿ ತಟ್ಟೆ, ಮೂಗೂ ಇಲ್ಲ. ಗ್ರೀನ್‌ನಲ್ಲಿ ಕೆನ್ನೆಯ ಸುಕ್ಕು, ಹುಬ್ಬಿನ ಮೇಲಿನ ಗೆರೆ ಎಲ್ಲಾ ಇವೆ. ಬ್ಲೂನಲ್ಲೂ ಇವೆ, ಆದರೆ ಕಾಳು ಕಾಳು.

ಹಳೇ_ಸ್ಟುಡಿಯೋ_ಬಳ್ಳಾರಿ

ಹಾಂ. ಆ ಹಸಿರಿನಿಂದ ಕೆಂಪಿಗೆ ಆಕಾರ ಸಾಲ ಕೊಡೋದು.

ಮೊದಲು `Image > Mode > 16 Bits/Channel` ಮಾಡಿಕೊಳ್ಳಿ, ಆಮೇಲೆ ಎಳೆದಾಡಿದಾಗ ಪಟ್ಟೆ ಪಟ್ಟೆ ಬರುವುದು ಕಮ್ಮಿ ಆಗುತ್ತೆ. ಲೇಯರಿನ ಇನ್ನೊಂದು ಪ್ರತಿ ಮಾಡಿ. ಆ ಪ್ರತಿಯಲ್ಲಿ `Red` ಚಾನೆಲ್ ಮಾತ್ರ ಆರಿಸಿ `Image > Apply Image` ಹೋಗಿ. `Channel` ಎದುರು `Green`, `Blending` ಎದುರು `Normal`, `Opacity` 50. ಈಗ ಕೆನ್ನೆಯ ಕೆಂಪು 255ರಿಂದ 238ಕ್ಕೆ, ಹಳದಿ ಸುತ್ತಿನ ಕೆಂಪು 250ಕ್ಕೆ ಬರುತ್ತೆ. ಮೊದಲು ಎರಡೂ ಕಡೆ ಒಂದೇ ಇತ್ತು, ಈಗ ನಡುವೆ ಏರಿಳಿತ ಬಂತು. ಚರ್ಮದ ಉಬ್ಬುತಗ್ಗು ಅಂದರೆ ಇದೇ.

ಇದಾದ ಮೇಲೆ `Curves` ಹಾಕಿ 240ರ ಹತ್ತಿರ ಒಂದು ಚುಕ್ಕೆ ಇಟ್ಟು 215ರ ತನಕ ಇಳಿಸಿ. ನೀವು ಮೊದಲು `Highlights` ಎಳೆದಾಗ ಬೂದಿ ಆಗಿದ್ದು ಯಾಕೆ ಗೊತ್ತಾಯ್ತಲ್ಲ? ಚಪ್ಪಟೆ ಬಿಳಿಯನ್ನು ಕೆಳಗೆ ತಂದರೆ ಚಪ್ಪಟೆ ಬೂದು ಸಿಗುತ್ತೆ, ಅಷ್ಟೇ. ಆಕಾರ ಮೊದಲು, ಇಳಿಸುವುದು ಆಮೇಲೆ.

ಕೆಂಪು ಕಮ್ಮಿ ಆದದ್ದರಿಂದ ಮುಖ ಸ್ವಲ್ಪ ಕಳೆಗುಂದುತ್ತೆ. ಹೊಸ ಖಾಲಿ ಲೇಯರ್, ಮೋಡ್ `Color`, ಕುತ್ತಿಗೆಯ ಬೆಳಕು ಬಿದ್ದ ಕಡೆಯಿಂದ ಬಣ್ಣ ಎತ್ತಿಕೊಂಡು ಮೆತ್ತನೆ ಬ್ರಷ್ 20 ಪರ್ಸೆಂಟಲ್ಲಿ ನಿಧಾನಕ್ಕೆ ಹಚ್ಚಿ. ಎಲ್ಲವನ್ನೂ ಒಂದು ಗ್ರೂಪಿಗೆ ಹಾಕಿ, ಮಾಸ್ಕಿನಲ್ಲಿ ಅಜ್ಜಿಯ ಮುಖ ಮಾತ್ರ ಬಿಡಿ. ಇಲ್ಲಾಂದ್ರೆ ಮದುಮಗಳ ಮುಖವೂ ಕಪ್ಪಾಗುತ್ತೆ. ಕುಂಕುಮವನ್ನೂ ಮಾಸ್ಕಿಂದ ಹೊರಗಿಡಿ, ಹಸಿರು ಬೆರೆತರೆ ಅದು ಕಂದಾಗಿಬಿಡುತ್ತೆ.

ಗಂಗಾವತಿ_ಗಿಂಪ್

ಗಿಂಪ್‌ನಲ್ಲಿ ಮಾಡುವವರಿಗೆ: `Colors > Components > Channel Mixer`. ಕೆಂಪು ಔಟ್‌ಪುಟ್‌ಗೆ ಕೆಂಪು 0.5, ಹಸಿರು 0.5. ಲೆಕ್ಕ ಒಂದೇ.

ಆದರೆ ಸರ್, ಹಣೆ ಮಧ್ಯ ಮೂರೂ 255 ಇದೆಯಲ್ಲ, ಅಲ್ಲಿ ಹಸಿರಲ್ಲೂ ಏನೂ ಇಲ್ಲ. ಅಲ್ಲಿ ಹೀಲಿಂಗ್ ಬ್ರಷ್ ಸಾಕಲ್ವಾ?

ಹಳೇ_ಸ್ಟುಡಿಯೋ_ಬಳ್ಳಾರಿ

ಸಾಕಾಗಲ್ಲ. ಹೀಲಿಂಗ್ ಬ್ರಷ್ ಬೇರೆ ಕಡೆಯಿಂದ ಚರ್ಮದ ಕಣಕಣ ತರುತ್ತೆ, ಆದರೆ ಬೆಳಕನ್ನು ಬಿದ್ದ ಜಾಗಕ್ಕೇ ಹೊಂದಿಸುತ್ತೆ. ಬಿದ್ದ ಜಾಗ ಬಿಳಿ, ಹಾಗಾಗಿ ಬಿಳಿ ಚರ್ಮ ಸಿಗುತ್ತೆ. ಮೊದಲು `Clone Stamp`, ಮೋಡ್ `Darken`, 25 ಪರ್ಸೆಂಟ್. ಹಣೆಯ ಅಂಚಿಂದ ಒಳಗೆ ಎಳೆದು ಬಣ್ಣ ಕೂರಿಸಬೇಕು. ಅದಾದ ಮೇಲೆ ಹೀಲಿಂಗ್.

ಇದಕ್ಕಿಂತ ಒಳ್ಳೇದು ಇನ್ನೊಂದಿದೆ. ಅದೇ ಸಾಲಿನ ಮುಂದಿನ ಹಿಂದಿನ ಫ್ರೇಮ್ ತರಿಸಿ. ಪಟಪಟ ಅಂತ ತೆಗೆಯುವಾಗ ಫ್ಲಾಶ್ ಪೂರ್ತಿ ಚಾರ್ಜ್ ಆಗದೆ ಒಂದಾದರೂ ಫ್ರೇಮ್ ಮಬ್ಬಾಗಿ ಬಂದಿರಬಹುದು. ವೇಸ್ಟ್ ಅಂತ ಅದನ್ನು ಆಲ್ಬಂನವರಿಗೆ ಕಳಿಸಿರಲ್ಲ. ಅದೇ ಅಜ್ಜಿ, ಅದೇ ಹಣೆ, ಸುಡದ ಚರ್ಮ. ಸಿಕ್ಕರೆ ಹಣೆ ಅಲ್ಲಿಂದ ತನ್ನಿ.

ಮತ್ತೆ, ರಾ ಫೈಲ್, ಅಂದರೆ JPEG ಕಟ್ಟುವ ಮೊದಲಿನ ಸೆನ್ಸರ್ ಮಾಹಿತಿಯ ಫೈಲ್, ಇದೆಯಾ ಅಂತ ಕೇಳಿದ್ರಾ?

ಬಿಸಿಲೂರು_ಕ್ಲಿಕ್

ಸುಮ್ನೆ ಇಷ್ಟೆಲ್ಲಾ ಯಾಕೆ? ಹಣೆ ಮೇಲಿನದು ಬೆವರು, ನೀರಿನ ಹೊಳಪು. ನಮ್ಮ ಬಿಸಿಲಿಗೆ ಯಾರ ಹಣೆ ಹೊಳೆಯಲ್ಲ ಹೇಳಿ? ಪೌಡರ್ ಹಚ್ಚಿದ್ದರೆ ಆಗ್ತಿತ್ತು.

ಹಳೇ_ಸ್ಟುಡಿಯೋ_ಬಳ್ಳಾರಿ

ಹೊಳಪೂ ಇರಬಹುದು, ಸುರಗಿ ನೀರು ಬೇರೆ. ಆದರೆ ಹೊಳಪಾದರೆ ಮೂಗಿನ ತುದಿ, ಹಣೆಯ ಉಬ್ಬು, ಹೀಗೆ ಅಲ್ಲಲ್ಲಿ ಚುಕ್ಕೆಯಾಗಿ, ಚೂಪು ಅಂಚಿನಿಂದ ಕೂರುತ್ತೆ. ಪಕ್ಕದ ಚರ್ಮ ಸರಿ ಇರುತ್ತೆ. ಇಲ್ಲಿ ಕೆನ್ನೆಯ ಕೆಂಪೂ ಪೂರ್ತಿ ನಿಂತಿದೆ. ಅದು ಬೆಳಕೇ ಜಾಸ್ತಿ ಆದದ್ದು. ಪೌಡರ್ ಹಚ್ಚಿದ್ದರೆ ಇನ್ನೂ ಬೆಳ್ಳಗಾಗುತ್ತಿತ್ತೇನೋ.

ಆಲ್ಬಂಗಾರ_ಕೊಪ್ಪಳ

ಫೋಟೋದವರಿಗೆ ಫೋನ್ ಮಾಡಿದೆ. ಕ್ಯಾಮೆರಾದಲ್ಲಿ ರಾ ಪ್ಲಸ್ JPEG ಇತ್ತಂತೆ, ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿಲ್ಲವಂತೆ! ಈ ಫೋಟೋದ ರಾ ಕಳಿಸಿದ್ದಾರೆ. ಮಬ್ಬು ಫ್ರೇಮ್ ಇಲ್ಲ, ಅಲ್ಲೇ ಡಿಲೀಟ್ ಮಾಡಿಬಿಟ್ಟಿದ್ದಾರಂತೆ.

ನಿಮ್ಮ ಚಾನೆಲ್ ಕೆಲಸ JPEG ಮೇಲೆ ಮಾಡಿ ನೋಡಿದೆ. ಕೆನ್ನೆ ಚೆನ್ನಾಗಿ ಬಂತು, ಸುಕ್ಕು ಸಮೇತ. ಹಳದಿ ಸುತ್ತು ಮುಕ್ಕಾಲು ಪಾಲು ಹೋಯ್ತು. ಹಚ್ಚೆ ಮಾತ್ರ ಇಲ್ಲ.

ಹಳೇ_ಸ್ಟುಡಿಯೋ_ಬಳ್ಳಾರಿ

JPEGನಲ್ಲಿ ಬರಲ್ಲ, ಸಾಲ ಕೊಟ್ಟ ಹಸಿರಲ್ಲೇ ಅದು ಇಲ್ಲವಲ್ಲ. ರಾ ಸಿಕ್ಕಿದ್ದು ದೊಡ್ಡದು. ಸೆನ್ಸರಿನ ಕೆಂಪು ಪಿಕ್ಸೆಲ್‌ಗಳು ಹಗಲು ಬೆಳಕಲ್ಲೂ ಫ್ಲಾಶಲ್ಲೂ ಹಸಿರಿನ ಸುಮಾರು ಅರ್ಧದಷ್ಟೇ ತುಂಬುತ್ತವೆ. ಬಿಳಿ ಬಿಳಿಯಾಗಿ ಕಾಣಲಿ ಅಂತ ಕ್ಯಾಮೆರಾ ಆ ಕೆಂಪನ್ನು ಸುಮಾರು ಎರಡು ಪಟ್ಟು ಮಾಡಿ JPEG ಕಟ್ಟುತ್ತೆ. ಹಾಗೆ ಏರಿಸುವಾಗ ಕೆಂಪು ಚೆಲ್ಲಿದ್ದು. ಏರಿಸುವ ಮೊದಲಿನ ಕೆಂಪು ರಾ ಫೈಲಲ್ಲಿ ಹಾಗೇ ಕೂತಿರುತ್ತೆ. ಕ್ಯಾಮೆರಾ ಹಿಂದಿನ ಪರದೆ ಮಿಣುಕಿ ತೋರಿಸುವುದು JPEG ಲೆಕ್ಕ. ಅದು ಮಿಣುಕಿತು ಅಂತ ರಾ ಕೂಡ ಹೋಯ್ತು ಅಂತಲ್ಲ.

ಲೈಟ್‌ರೂಮಲ್ಲಾದರೆ ಮೊದಲು `Exposure` −1ರಿಂದ −1.5ರವರೆಗೆ ಇಳಿಸಿ, ಆಮೇಲೆ `Highlights` ಸ್ವಲ್ಪ. ಕೀಬೋರ್ಡಲ್ಲಿ `J` ಒತ್ತಿದರೆ ಸತ್ತ ಜಾಗ ಕೆಂಪಾಗಿ ಕಾಣುತ್ತೆ. ಮದುಮಗಳು ಕಪ್ಪಾಗ್ತಾಳೆ, ಯೋಚಿಸಬೇಡಿ. ಅಜ್ಜಿಗೊಂದು, ಮದುಮಗಳಿಗೊಂದು ಎರಡು ಫೈಲ್ ಹೊರತೆಗೆದು ಮಾಸ್ಕಲ್ಲಿ ಸೇರಿಸಿ.

ಗಂಗಾವತಿ_ಗಿಂಪ್

ಡಾರ್ಕ್‌ಟೇಬಲಲ್ಲಿ `highlight reconstruction` ಇದೆ, ಅದರಲ್ಲಿ `inpaint opposed` ಇಡಿ. ಬದುಕಿರುವ ಚಾನೆಲ್ ನೋಡಿಕೊಂಡು ಸತ್ತದ್ದನ್ನು ಕಟ್ಟುತ್ತೆ. ಅದು ಆಫ್ ಇದ್ದರೆ ಹಣೆ ಗುಲಾಬಿ ಆಗುತ್ತೆ, ಯಾಕಂದ್ರೆ ರಾನಲ್ಲಿ ಮೊದಲು ಸಾಯೋದು ಹಸಿರು. ಸರ್ ಲೈಟ್‌ರೂಮ್ ಅಂತಾರೆ, ನನಗಂತೂ ಚರ್ಮಕ್ಕೆ ಇದೇ ವಾಸಿ ಅನಿಸುತ್ತೆ.

ಹಳೇ_ಸ್ಟುಡಿಯೋ_ಬಳ್ಳಾರಿ

ನಾನು ಒಪ್ಪಲ್ಲ. ಆದರೆ ಜಗಳ ಬೇಡ. ಎರಡರಲ್ಲೂ ಮಾಡಿ ನೋಡಲಿ.

ಆಲ್ಬಂಗಾರ_ಕೊಪ್ಪಳ

ಎರಡರಲ್ಲೂ ಮಾಡಿದೆ. ಹಚ್ಚೆ ಬಂತು! ಹುಬ್ಬಿನ ನಡುವೆ ಒಂದು ದುಂಡು ಬೊಟ್ಟು, ಕೆಳಗೆ ಎರಡು ಸಣ್ಣ ಚುಕ್ಕೆ. ತೆಳುವಾಗಿದೆ, ಆದರೆ ಇದೆ. ಹಳೇ ಫೋಟೋ ಇಟ್ಟು ಹೋಲಿಸಿದೆ, ಜಾಗವೂ ಸರಿ. ಲೈಟ್‌ರೂಮಲ್ಲಿ ಕೆನ್ನೆ ಚೆನ್ನಾಗಿ ಬಂದಿದೆ, ಡಾರ್ಕ್‌ಟೇಬಲಲ್ಲಿ ಹಣೆಯ ಅಂಚು. ಯಾರು ಗೆದ್ದರು ಅಂತ ನಾನು ಹೇಳಲ್ಲ.

ಹಣೆಯ ಮೇಲ್ಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಎರಡರಲ್ಲೂ ಬಿಳಿ. ಅದಕ್ಕೆ ಕ್ಲೋನ್ ಮಾಡಲೇ?

ಹಳೇ_ಸ್ಟುಡಿಯೋ_ಬಳ್ಳಾರಿ

ಮಾಡಿ, ಆದರೆ ಪೂರ್ತಿ ಮುಚ್ಚಬೇಡಿ. ಎದುರಿಂದ ಬೆಳಕು ಬಿದ್ದ ಹಣೆಯಲ್ಲಿ ಸ್ವಲ್ಪ ಹೊಳಪು ಇರಬೇಕು. 240ರ ಹತ್ತಿರ ನಿಲ್ಲಿಸಿ. 255 ಬಿಟ್ಟರೆ ಪ್ರಿಂಟಲ್ಲಿ ಅಲ್ಲಿ ಬರೀ ಕಾಗದ ಕಾಣುತ್ತೆ. ಅಂಚಿನಿಂದ ತಂದ ಗೆರೆ ಎರಡು ಕಡೆ ಒಂದೇ ಥರ ಕಾಣದ ಹಾಗೆ ನೋಡಿಕೊಳ್ಳಿ.

ಸಿಂಧನೂರಕ್ಕ

ನೆಗೆಟಿವ್ ಸಿಕ್ತು! ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಕವರಲ್ಲಿತ್ತು. ಅಮ್ಮನ ಮುಖದ ಜಾಗ ಕಪ್ಪಗಿದೆ, ಕಿಟಕಿಗೆ ಹಿಡಿದರೆ ಮೂಗುತಿ ಕಾಣುತ್ತೆ. ಆದರೆ ಒಂದಕ್ಕೊಂದು ಅಂಟಿವೆ. ಎಳೆಯಲಾ?

ಹಳೇ_ಸ್ಟುಡಿಯೋ_ಬಳ್ಳಾರಿ

ಎಳೀಬೇಡಿ ಅಕ್ಕಾ! ಹಾಗೇ ಸ್ಕ್ಯಾನ್ ಮಾಡುವವರ ಹತ್ತಿರ ತಗೊಂಡು ಹೋಗಿ. ಎಳೆದರೆ ಮೇಲಿನ ಪದರ ಕಿತ್ತು ಬರುತ್ತೆ.

ಬಿಸಿಲೂರು_ಕ್ಲಿಕ್

ಬಳ್ಳಾರಿ ಅಣ್ಣ, ನಿಮ್ಮ ಮಾತು ಪರೀಕ್ಷೆ ಮಾಡಿದೆ. ತಮ್ಮನನ್ನು ಮುಕ್ಕಾಲು ಮೀಟರಲ್ಲಿ ನಿಲ್ಲಿಸಿ ISO 800, f/4, ಒಂದು ಸಲ ಕಾಂಪನ್ಸೇಶನ್ 0, ಒಂದು ಸಲ −3. ಎರಡೂ ಒಂದೇ, ಕೂದಲೆಳೆ ವ್ಯತ್ಯಾಸ ಇಲ್ಲ. ISO 200, f/5.6 ಇಟ್ಟಾಗ ಮುಖ ಸರಿಯಾಗಿ ಬಂತು. ತಳ ಇರೋದು ಒಪ್ಪಿದೆ. ಆದರೆ ಮೂರು ಮೀಟರಲ್ಲಿ ನನ್ನ −1 ಕೆಲಸ ಮಾಡುತ್ತೆ. ಕುಕನೂರಿನ ಫೋಟೋದಲ್ಲಿ ತಪ್ಪು TTLದೋ ತಳದ್ದೋ ಅಂತ ಹೇಗೆ ಹೇಳ್ತೀರಿ? ಫ್ಲಾಶ್ ಎಷ್ಟು ಪವರ್ ಬಿಟ್ಟಿತು ಅಂತ ಫೈಲಲ್ಲಿ ಇಲ್ಲವಲ್ಲ?

ಹಳೇ_ಸ್ಟುಡಿಯೋ_ಬಳ್ಳಾರಿ

ಆ ಒಂದು ಫೋಟೋ ನೋಡಿ ಹೇಳಕ್ಕಾಗಲ್ಲ. ಅವರ ಫ್ಲಾಶ್ ಯಾವುದು ಅಂತ ಗೊತ್ತಾದರೆ ಅದರ ತಳ ಲೆಕ್ಕ ಹಾಕಬಹುದು. ಆಲ್ಬಂಗಾರರೇ, ಆ ಫೋಟೋದವರನ್ನು ಒಮ್ಮೆ ಕೇಳ್ತೀರಾ?